ಎರವಲು ರಿಜಿಸ್ಟರ್ ಕಟ್ಟಿದ ದಿನಚರಿ: ವಾಯಿದೆ, ದಂಡ ಮತ್ತು ಎಂಟನೇ ತಾರೀಖಿನ ತಪ್ಪು

ಜುಲೈ 2025: ಮೊದಲಿದ್ದ ಸ್ಥಿತಿ

ನಮ್ಮ ಬಡಾವಣೆಯ ಸಮುದಾಯ ಭವನದ ಮಹಡಿಯಲ್ಲಿ ಒಂದು ಚಿಕ್ಕ ಗ್ರಂಥಾಲಯವಿದೆ. 1,140 ಪುಸ್ತಕಗಳು, 86 ಸದಸ್ಯರು. ಸೋಮವಾರ ರಜೆ, ಉಳಿದ ದಿನಗಳಲ್ಲಿ ಸಂಜೆ 5ರಿಂದ 8ರವರೆಗೆ ನಾವು ಐದು ಮಂದಿ ಸರದಿಯ ಮೇಲೆ ಕುಳಿತು ನಡೆಸುತ್ತೇವೆ. ಪುಸ್ತಕವನ್ನು 14 ದಿನಕ್ಕೆ ಕೊಡುವುದು, ತಡವಾದರೆ ದಿನಕ್ಕೆ 50 ಪೈಸೆ ದಂಡ ವಸೂಲು ಮಾಡುವುದು ಮೊದಲಿನಿಂದ ಬಂದ ನಿಯಮ. ಉದ್ದನೆಯ ಲೆಡ್ಜರ್ ಪುಸ್ತಕದಲ್ಲಿ ಒಂದು ಎರವಲಿಗೆ ಒಂದು ಸಾಲು ಬರೆದು, ಪುಸ್ತಕ ಹಿಂದಿರುಗಿದಾಗ ಆ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕುತ್ತಿದ್ದೆವು.

ಲೆಡ್ಜರಿನಿಂದ ಕೊಡು-ಕೊಳ್ಳುವ ಕೆಲಸಕ್ಕೆ ಅಡ್ಡಿಯಿರಲಿಲ್ಲ. ಆದರೆ ಈ ಹೊತ್ತಿಗೆ ಯಾರ ವಾಯಿದೆ ಮೀರಿದೆ ಎಂದು ತಿಳಿಯಲು ನಾಲ್ಕೈದು ಪುಟ ಹಿಂದಕ್ಕೆ ತಿರುವಬೇಕಾಗಿತ್ತು. ವರ್ಷದ ಪುಸ್ತಕ ಖರೀದಿಗೆ ಮುನ್ನ ಯಾವ ಪುಸ್ತಕ ಹೆಚ್ಚು ಓಡುತ್ತಿದೆ ಎಂದು ಸಮಿತಿ ಕೇಳಿದಾಗ ನಮ್ಮ ಬಳಿ ಅಂದಾಜಿನ ಮಾತಲ್ಲದೆ ಬೇರೇನೂ ಇರುತ್ತಿರಲಿಲ್ಲ. ಈ ಎರಡಕ್ಕೂ ಉತ್ತರ ಕೊಡುವ ರಿಜಿಸ್ಟರನ್ನು ಲಿಬ್ರೆ ಆಫೀಸಿನ ಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟ್‌ನಲ್ಲಿ ಕಟ್ಟುವ ಕೆಲಸವನ್ನು ನಾನು ವಹಿಸಿಕೊಂಡೆ.

ಖರ್ಚು ಒಟ್ಟು 350 ರೂಪಾಯಿ. ಹಳೆಯ ಲ್ಯಾಪ್‌ಟಾಪ್ ಒಬ್ಬ ಸದಸ್ಯರು ಕೊಟ್ಟದ್ದು. ಲಿಬ್ರೆ ಆಫೀಸ್ ಉಚಿತ. ತಾರೀಖು ತಿರುಗಿಸುವ ರಬ್ಬರ್ ಮುದ್ರೆಗೆ 160, ಪುಸ್ತಕದ ಕೊನೆಯ ಪುಟಕ್ಕೆ ಅಂಟಿಸುವ 600 ತಾರೀಖು ಚೀಟಿಗಳ ಜೆರಾಕ್ಸಿಗೆ 150, ಗೋಂದಿಗೆ 40.

ಜುಲೈ 27 – ಆಗಸ್ಟ್ 1: ಹಾಳೆಗಳು

ಮೊದಲು ಮೂರು ಹಾಳೆಗಳನ್ನು ಮಾಡಿದೆ. `Books` ಹಾಳೆಯಲ್ಲಿ ಪ್ರತಿಯೊಂದು ಪ್ರತಿಗೂ ಗ್ರಂಥಾಲಯಕ್ಕೆ ಸೇರಿದಾಗ ಕೊಟ್ಟ ಪರಿಗ್ರಹಣ ಸಂಖ್ಯೆ, ಶೀರ್ಷಿಕೆ, ಲೇಖಕರು. `Members` ಹಾಳೆಯಲ್ಲಿ ಸದಸ್ಯ ಸಂಖ್ಯೆ ಮತ್ತು ಹೆಸರು. `Issue` ಹಾಳೆಯಲ್ಲಿ ಒಂದು ಎರವಲಿಗೆ ಒಂದು ಸಾಲು. ಈ ಮೂರನೆಯದರಲ್ಲಿ A ಕ್ರಮಸಂಖ್ಯೆ, B ಕೊಟ್ಟ ದಿನಾಂಕ, C ಸದಸ್ಯ ಸಂಖ್ಯೆ, D ಪರಿಗ್ರಹಣ ಸಂಖ್ಯೆ, E ಶೀರ್ಷಿಕೆ, F ವಾಯಿದೆ, G ಹಿಂದಿರುಗಿದ ದಿನಾಂಕ, H ತಡವಾದ ದಿನಗಳು, I ದಂಡ, J ವಸೂಲಾದ ಮೊತ್ತ. ಶೀರ್ಷಿಕೆಯನ್ನು ಯಾರೂ ಟೈಪ್ ಮಾಡಬೇಕಾಗಿಲ್ಲ. ಪರಿಗ್ರಹಣ ಸಂಖ್ಯೆ ಕೊಟ್ಟರೆ ಅದು `VLOOKUP` ಮೂಲಕ `Books` ಹಾಳೆಯಿಂದ ಬರುತ್ತದೆ.

ಹಳೆಯ ಲೆಡ್ಜರಿನಲ್ಲಿ ತೆರೆದಿದ್ದ ಸಾಲುಗಳನ್ನು ಅಲ್ಲಿಯೇ ಮುಗಿಸುವುದು, ಆಗಸ್ಟ್ 1ರಿಂದ ಕೊಟ್ಟ ಪುಸ್ತಕಗಳನ್ನು ಮಾತ್ರ ಕಂಪ್ಯೂಟರಿಗೆ ಏರಿಸುವುದು ಎಂದು ನಿರ್ಧರಿಸಿದೆವು. ಇದು ಒಳ್ಳೆಯ ನಿರ್ಧಾರವಾಗಿತ್ತು. ಹಳೆಯದನ್ನೆಲ್ಲ ಏರಿಸಲು ಕುಳಿತಿದ್ದರೆ ಕೆಲಸ ಇನ್ನೂ ಮುಗಿಯುತ್ತಿರಲಿಲ್ಲ. ವಾಯಿದೆ ಮತ್ತು ದಂಡದ ಸೂತ್ರಗಳನ್ನು ಮಾತ್ರ ಆಮೇಲೆ ಹಾಕಿದರಾಯಿತು ಎಂದು ಬಿಟ್ಟೆ. ಅದು ತಪ್ಪು. ಸೂತ್ರಗಳು ಮೊದಲ ದಿನವೇ ಇದ್ದಿದ್ದರೆ ಮುಂದೆ ಹೇಳುವ ದೋಷ ಮೊದಲ ಸಾಲಿನಲ್ಲೇ ಕಣ್ಣಿಗೆ ಬೀಳುತ್ತಿತ್ತು.

ಆಗಸ್ಟ್ 18, ಸೋಮವಾರ: ಸೂತ್ರ ಹಾಕಿದ್ದು

ರಜೆಯ ದಿನ ಕುಳಿತು F ಕಾಲಂನಲ್ಲಿ `=B2+14` ಎಂದು ಹಾಕಿ ಕೆಳಗಿನವರೆಗೆ ಎಳೆದೆ. ಪುಸ್ತಕ ಇನ್ನೂ ಬಾರದಿದ್ದರೆ ಇಂದಿನ ದಿನಾಂಕಕ್ಕೂ, ಬಂದಿದ್ದರೆ ಬಂದ ದಿನಾಂಕಕ್ಕೂ ಲೆಕ್ಕ ಮಾಡುವಂತೆ ದಂಡದ ಸೂತ್ರವನ್ನೂ ಹಾಕಿದೆ. ಆಗಸ್ಟ್ 13ರಿಂದ ಮುಂದಿನ ಸಾಲುಗಳಲ್ಲೆಲ್ಲ `#VALUE!` ಎಂದು ಬಂತು. ನೋಡಿದರೆ ಆ ದಿನಾಂಕಗಳು ಕೋಶದ ಎಡಕ್ಕೆ ಅಂಟಿಕೊಂಡಿದ್ದವು. ಎಂದರೆ ಕ್ಯಾಲ್ಕ್ ಅವುಗಳನ್ನು ದಿನಾಂಕವೆಂದು ಗುರುತಿಸದೆ ಬರಿಯ ಅಕ್ಷರಗಳೆಂದು ಇಟ್ಟುಕೊಂಡಿತ್ತು. `Data` ಮೆನುವಿನ `Text to Columns` ತೆರೆದು, ಕಾಲಂ ಪ್ರಕಾರವನ್ನು `Date (DMY)` ಎಂದು ಆರಿಸಿದಾಗ ಅವು ಬಲಕ್ಕೆ ಸರಿದು ಸರಿಯಾದವು. ದೋಷ ತೋರಿಸಿದ ಸಾಲುಗಳು ಸರಿಹೋದವೆಂದು ನಾನು ಫೈಲನ್ನು ಮುಚ್ಚಿದೆ. ದೋಷ ತೋರಿಸದ ಮೇಲಿನ ಸಾಲುಗಳನ್ನು ಒಮ್ಮೆಯೂ ಓದಲಿಲ್ಲ.

ಆಗಸ್ಟ್ 19, ಮಂಗಳವಾರ: 44 ರೂಪಾಯಿ 50 ಪೈಸೆ

ಸಂಜೆ ಬಾಗಿಲು ತೆರೆದ ಕೂಡಲೇ ನಿವೃತ್ತ ಶಿಕ್ಷಕಿಯೊಬ್ಬರು ಪುಸ್ತಕ ಹಿಂದಿರುಗಿಸಲು ಬಂದರು. ಪರದೆಯ ಮೇಲೆ ಅವರ ಸಾಲಿನಲ್ಲಿ 89 ದಿನ ತಡ, ದಂಡ 44.50 ಎಂದಿತ್ತು. ನಾನು ಯೋಚಿಸದೆ ಮೊತ್ತವನ್ನು ಓದಿಬಿಟ್ಟೆ. ಅವರು ಮರುಮಾತಾಡದೆ ಪುಸ್ತಕದ ಕೊನೆಯ ಪುಟ ತೆರೆದು ಮೇಜಿನ ಮೇಲಿಟ್ಟರು. ಚೀಟಿಯ ಮೊದಲ ಸಾಲಿನಲ್ಲಿ ನೇರಳೆ ಶಾಯಿಯ ಮುದ್ರೆ, ಸ್ವಲ್ಪ ಓರೆಯಾಗಿ, ಆದರೆ ಸ್ಪಷ್ಟವಾಗಿ: 19 AUG 2025. "ಇವತ್ತೇ ಅಲ್ಲವೇನಪ್ಪ ವಾಯಿದೆ?" ಎಂದರು. ಅವರು ಹೇಳಿದ್ದು ಸರಿ. ಕ್ಷಮೆ ಕೇಳಿ, ದಂಡವಿಲ್ಲದೆ ಪುಸ್ತಕ ತೆಗೆದುಕೊಂಡೆ.

ರಾತ್ರಿ ಕಾರಣ ಹುಡುಕಿದೆ. ಲ್ಯಾಪ್‌ಟಾಪಿನ `Locale` ಅಮೆರಿಕದ ಇಂಗ್ಲಿಷಿಗೆ ಹೊಂದಿಸಲ್ಪಟ್ಟಿತ್ತು. ಆ ಪದ್ಧತಿಯಲ್ಲಿ ಮೊದಲು ತಿಂಗಳು, ಆಮೇಲೆ ದಿನ. ನಾವು ಆಗಸ್ಟ್ 5 ಎಂಬ ಅರ್ಥದಲ್ಲಿ 5/8/2025 ಎಂದು ಹೊಡೆದದ್ದನ್ನು ಅದು ಮೇ 8 ಎಂದು ತೆಗೆದುಕೊಂಡಿತು. ಮೇ 8ಕ್ಕೆ 14 ಕೂಡಿದರೆ ಮೇ 22. ಅಲ್ಲಿಂದ ಆಗಸ್ಟ್ 19ಕ್ಕೆ 89 ದಿನ. ಕೋಶದಲ್ಲಿ ಕಾಣುವುದು ಮಾತ್ರ 05/08/25, ನಾವು ಹೊಡೆದದ್ದೇ. ಆದ್ದರಿಂದ ಕಣ್ಣಿಗೆ ತಪ್ಪು ಕಾಣುವುದಿಲ್ಲ. 13ನೇ ತಾರೀಖಿನಿಂದ ಮುಂದೆ 13ನೇ ತಿಂಗಳೆಂಬುದು ಇಲ್ಲದ ಕಾರಣ ಅದು ದಿನಾಂಕವನ್ನೇ ಒಪ್ಪದೆ ಅಕ್ಷರವಾಗಿ ಉಳಿಸಿತು. ಹಿಂದಿನ ದಿನ ನಾನು ಸರಿಪಡಿಸಿದ್ದು ಕೂಗಿ ಹೇಳಿದ ತಪ್ಪುಗಳನ್ನು ಮಾತ್ರ.

ಕಾಲಂ B ಯ ನಮೂನೆಯನ್ನು `DD-MMM-YYYY` ಎಂದು ಬದಲಿಸಿದ ಕೂಡಲೇ ತಿಂಗಳಿನ ಹೆಸರು ಅಕ್ಷರದಲ್ಲಿ ಬಂದು ಎಲ್ಲವೂ ಬಯಲಾಯಿತು: 08-Jan, 08-Feb, 08-Mar, 08-May, ಹೀಗೆ 08-Dec ವರೆಗೆ. ಆಗಸ್ಟಿನ ಮೊದಲ ಹನ್ನೆರಡು ದಿನಗಳು, ರಜೆಯ ಸೋಮವಾರಗಳನ್ನು ಬಿಟ್ಟು, ಬೇರೆ ಬೇರೆ ತಿಂಗಳ ಎಂಟನೇ ತಾರೀಖುಗಳಾಗಿದ್ದವು. ಆಗಸ್ಟ್ 8 ಮಾತ್ರ ತಿರುಗಿಸಿದರೂ ಅದೇ ಆಗಿರುವುದರಿಂದ ಸರಿಯಾಗಿತ್ತು.

ನನಗೆ ಹೆಚ್ಚು ಚಿಂತೆ ಹತ್ತಿಸಿದ್ದು ಇನ್ನೊಂದು ಸಂಗತಿ. ಆಗಸ್ಟ್ 1ರಿಂದ 7ರವರೆಗಿನ ಸಾಲುಗಳು ಹಿಂದಿನ ತಿಂಗಳುಗಳಿಗೆ ಹೋಗಿ ಇಲ್ಲದ ದಂಡವನ್ನು ತೋರಿಸುತ್ತಿದ್ದವು. 9ರಿಂದ 12ರವರೆಗಿನವು ಮುಂದಿನ ತಿಂಗಳುಗಳಿಗೆ ಹೋಗಿದ್ದವು. ಆಗಸ್ಟ್ 12ರಂದು ಕೊಟ್ಟ ಪುಸ್ತಕ ಡಿಸೆಂಬರ್ 22ರವರೆಗೂ ತಡವೆಂದು ತೋರುತ್ತಲೇ ಇರಲಿಲ್ಲ. ಓದುಗರ ಮೇಲೆ ಬಿದ್ದ ತಪ್ಪನ್ನು ಓದುಗರೇ ಬಂದು ತೋರಿಸುತ್ತಾರೆ. ಗ್ರಂಥಾಲಯದ ಮೇಲೆ ಬಿದ್ದ ತಪ್ಪನ್ನು ತೋರಿಸಲು ಯಾರೂ ಬರುವುದಿಲ್ಲ. ಪುಸ್ತಕ ಸುಮ್ಮನೆ ಮನೆಯಲ್ಲೇ ಉಳಿಯುತ್ತದೆ.

`Tools` ಮೆನುವಿನ `Options` ನಲ್ಲಿ `Locale` ಅನ್ನು `English (India)` ಎಂದು ಬದಲಿಸಿದೆ. ಆದರೆ ಇದು ಮುಂದೆ ಹೊಡೆಯುವ ದಿನಾಂಕಗಳಿಗೆ ಮಾತ್ರ. ಈಗಾಗಲೇ ತಿರುಗಿ ಕುಳಿತದ್ದನ್ನು ಸರಿಪಡಿಸುವುದಿಲ್ಲ. ಅದಕ್ಕೆ ಪಕ್ಕದ ಖಾಲಿ ಕಾಲಂನಲ್ಲಿ ದಿನ ಮತ್ತು ತಿಂಗಳನ್ನು ಅದಲು ಬದಲು ಮಾಡಿ, ಬಂದ ಬೆಲೆಗಳನ್ನು ನಕಲಿಸಿ B ಯಲ್ಲಿ ಸಂಖ್ಯೆಯಾಗಿ ಅಂಟಿಸಿದೆ. ಮೊದಲ ಹನ್ನೆರಡು ದಿನಗಳ ಸಾಲುಗಳಿಗೆ ಮಾತ್ರ. ಸರಿಯಿದ್ದ ಸಾಲಿಗೆ ಹಾಕಿದರೆ ಅದೂ ಕೆಡುತ್ತದೆ.

```
=DATE(YEAR(B2);DAY(B2);MONTH(B2))
```

ಮತ್ತೆ ಹೀಗಾಗದಂತೆ ಒಂದು ಕಾವಲು ಸೂತ್ರವನ್ನೂ ಇಟ್ಟೆ. ಸಾಲುಗಳು ದಿನಾಂಕದ ಕ್ರಮದಲ್ಲೇ ಇರುತ್ತವೆಯಾದ್ದರಿಂದ ಹಿಂದಿನ ಸಾಲಿಗಿಂತ ದಿನಾಂಕ ಹಿಂದಿದೆಯೇ ಎಂದು ಮಾತ್ರ ನೋಡಿದರೆ ಸಾಕೆಂದು ಮೊದಲು ಅಂದುಕೊಂಡಿದ್ದೆ. ಅದು ಸಾಲದು: ಜನವರಿ 8, ಫೆಬ್ರವರಿ 8, ಮಾರ್ಚ್ 8 ಎಂಬ ತಪ್ಪು ಸಾಲುಗಳೂ ಏರಿಕೆಯ ಕ್ರಮದಲ್ಲೇ ಇದ್ದವು. ಆದ್ದರಿಂದ ಎರಡು ಸಾಲುಗಳ ನಡುವೆ 7 ದಿನಕ್ಕಿಂತ ಹೆಚ್ಚು ಅಂತರವಿದ್ದರೂ, ದಿನಾಂಕ ಇಂದಿಗಿಂತ ಮುಂದಿದ್ದರೂ ಕೋಶ ಕೆಂಪಾಗುವಂತೆ ಮಾಡಿದೆ.

```
=AND(B3<>"";OR(B3<B2;B3-B2>7;B3>TODAY()))
```

ದಿನಾಂಕವನ್ನು ಕೈಯಲ್ಲಿ ಹೊಡೆಯುವುದನ್ನೂ ನಿಲ್ಲಿಸಿದೆವು. `Ctrl+;` ಒತ್ತಿದರೆ ಇಂದಿನ ದಿನಾಂಕ ಬಂದು ನಿಲ್ಲುತ್ತದೆ. ಒಬ್ಬ ಗೆಳೆಯರು ಅದರ ಬದಲು `=TODAY()` ಎಂದು ಹಾಕಿದ್ದರು. ಮರುದಿನ ಫೈಲ್ ತೆರೆದಾಗ ಆ ಪುಸ್ತಕಗಳೆಲ್ಲ ಆ ದಿನವೇ ಕೊಟ್ಟವೆಂದು ತೋರಿಸಿದವು. ಚೀಟಿಯ ಮುದ್ರೆ ನೋಡಿ ಹಿಂದಕ್ಕೆ 14 ದಿನ ಎಣಿಸಿ ಸರಿಮಾಡಿದೆವು. ಪರದೆಗೂ ಚೀಟಿಗೂ ವ್ಯತ್ಯಾಸ ಬಂದರೆ ಓದುಗರಿಗೆ ಅನುಕೂಲವಾದ ದಿನಾಂಕವೇ ಅಂತಿಮ ಎಂಬ ನಿಯಮವನ್ನು ಅಂದೇ ಬರೆದು ಮೇಜಿನ ಬಳಿ ಅಂಟಿಸಿದೆವು.

ಸೆಪ್ಟೆಂಬರ್ 21: ಹಬ್ಬದ ರಜೆಗಳು

ಸೆಪ್ಟೆಂಬರ್ 17ರಂದು ಪುಸ್ತಕ ಒಯ್ದಿದ್ದ ಒಬ್ಬ ವಿದ್ಯಾರ್ಥಿ ಬಂದು, ತನ್ನ ವಾಯಿದೆ ಅಕ್ಟೋಬರ್ 1 ಎಂದಿದೆ, ಆಯುಧಪೂಜೆಯ ದಿನ ಗ್ರಂಥಾಲಯ ತೆರೆದಿರುತ್ತದೆಯೇ ಎಂದು ಕೇಳಿದ. ತೆರೆದಿರುವುದಿಲ್ಲ. ಮರುದಿನ ಅಕ್ಟೋಬರ್ 2, ಗಾಂಧಿ ಜಯಂತಿ, 2025ರಲ್ಲಿ ವಿಜಯದಶಮಿಯೂ ಅದೇ ದಿನ. ಬಾಗಿಲು ಮುಚ್ಚಿದ ದಿನವನ್ನು ವಾಯಿದೆಯೆಂದು ಕೊಟ್ಟು ಮರುದಿನದಿಂದ ದಂಡ ಎಣಿಸುವುದು ನ್ಯಾಯವಲ್ಲ.

ಇಲ್ಲಿ ಒಂದು ವಿಷಯ ಗಮನಕ್ಕೆ ಬಂತು. 14 ಎಂಬುದು ಎರಡು ವಾರ ಸರಿಯಾಗಿ ಆಗುವುದರಿಂದ ಬುಧವಾರ ಕೊಟ್ಟ ಪುಸ್ತಕದ ವಾಯಿದೆ ಬುಧವಾರವೇ ಬರುತ್ತದೆ. ಸೋಮವಾರ ನಾವು ಪುಸ್ತಕ ಕೊಡುವುದಿಲ್ಲವಾದ್ದರಿಂದ ವಾಯಿದೆ ಎಂದೂ ಸೋಮವಾರ ಬೀಳುವುದಿಲ್ಲ. ಹಾಗಾಗಿ ತೊಂದರೆ ಹಬ್ಬಗಳದ್ದು ಮಾತ್ರ. ಆದರೂ ಸೂತ್ರದಲ್ಲಿ ಸೋಮವಾರವನ್ನು ಹೇಳಲೇಬೇಕು. ಭಾನುವಾರ ಹಬ್ಬವಿದ್ದು ವಾಯಿದೆ ಒಂದು ದಿನ ಮುಂದೆ ಸರಿದರೆ ಅದು ಸೋಮವಾರಕ್ಕೆ ಹೋಗಿ ಕೂರುತ್ತದೆ.

`Holidays` ಎಂಬ ನಾಲ್ಕನೆಯ ಹಾಳೆಯಲ್ಲಿ ನಮ್ಮ ರಜೆಯ ದಿನಾಂಕಗಳನ್ನು ಬರೆದು, F ಕಾಲಂನ ಸೂತ್ರವನ್ನು ಹೀಗೆ ಬದಲಿಸಿದೆ:

```
=IF(B2="";"";WORKDAY.INTL(B2+13;1;"1000000";$Holidays.$A$2:$A$40))
```

ಉದ್ಧರಣ ಚಿಹ್ನೆಯೊಳಗಿನ ಏಳು ಅಂಕೆಗಳು ಸೋಮವಾರದಿಂದ ಭಾನುವಾರದವರೆಗಿನ ವಾರ. 1 ಎಂದರೆ ಮುಚ್ಚಿದ ದಿನ. ಹದಿಮೂರನೆಯ ದಿನದಲ್ಲಿ ನಿಂತು ಮುಂದಿನ ಮೊದಲ ತೆರೆದ ದಿನವನ್ನು ಕೇಳುವುದರಿಂದ, ಹದಿನಾಲ್ಕನೆಯ ದಿನ ತೆರೆದಿದ್ದರೆ ಅದೇ ಬರುತ್ತದೆ; ಇಲ್ಲದಿದ್ದರೆ ಅದರ ನಂತರದ್ದು. ನಾನು ಮೊದಲು `WORKDAY.INTL(B2;14;...)` ಎಂದು ಹಾಕಿ ತಪ್ಪಿದ್ದೆ. ಅದು 14 ತೆರೆದ ದಿನಗಳನ್ನು ಎಣಿಸುತ್ತದೆ, ಆಗ ವಾಯಿದೆ ಎರಡು ವಾರಕ್ಕಿಂತ ಹೆಚ್ಚಾಗುತ್ತದೆ. ಆ ವಿದ್ಯಾರ್ಥಿಯ ವಾಯಿದೆ ಈಗ ಅಕ್ಟೋಬರ್ 3, ಶುಕ್ರವಾರ ಎಂದು ಬಂತು. ಇದೇ ಸೂತ್ರವನ್ನು ಇಂದಿನ ದಿನಾಂಕಕ್ಕೆ ಹಾಕಿದ ಒಂದು ಕೋಶವನ್ನು ಹಾಳೆಯ ಮೇಲ್ತುದಿಯಲ್ಲಿಟ್ಟೆವು. ಪ್ರತಿ ಸಂಜೆ ಅದನ್ನು ನೋಡಿಯೇ ರಬ್ಬರ್ ಮುದ್ರೆಯ ತಾರೀಖು ತಿರುಗಿಸುತ್ತೇವೆ.

ತಡವಾದ ದಿನಗಳನ್ನೂ ತೆರೆದ ದಿನಗಳಲ್ಲೇ ಎಣಿಸುವಂತೆ H ಕಾಲಂ ಬದಲಾಯಿತು:

```
=IF(B2="";"";IF(IF(G2="";TODAY();G2)<=F2;0;
 NETWORKDAYS.INTL(F2+1;IF(G2="";TODAY();G2);
 "1000000";$Holidays.$A$2:$A$40)))
```

ಆ ವಿದ್ಯಾರ್ಥಿ ಪುಸ್ತಕ ತಂದದ್ದು ಅಕ್ಟೋಬರ್ 8ಕ್ಕೆ. ಕ್ಯಾಲೆಂಡರಿನಲ್ಲಿ ಐದು ದಿನ ತಡ. ಅದರಲ್ಲಿ 6 ಸೋಮವಾರ, 7 ವಾಲ್ಮೀಕಿ ಜಯಂತಿ. ಉಳಿದದ್ದು 4, 5 ಮತ್ತು 8. ಆದ್ದರಿಂದ ಮೂರು ದಿನ. ಈ ಲೆಕ್ಕವನ್ನು ಅವನೆದುರಿಗೆ ಬೆರಳು ಮಡಚಿ ಎಣಿಸಿ ತೋರಿಸಿದೆ. ನನ್ನ ಅಭಿಪ್ರಾಯದಲ್ಲಿ ದಂಡದ ಸೂತ್ರಕ್ಕೆ ಇದೇ ಪರೀಕ್ಷೆ. ಎದುರು ನಿಂತವರಿಗೆ ಬೆರಳಿನಲ್ಲಿ ಎಣಿಸಿ ತೋರಿಸಲಾಗದ ದಂಡವನ್ನು ಕೇಳಬಾರದು.

ಅಕ್ಟೋಬರ್ 5: ದರ ಬದಲಾದಾಗ ಹಳೆಯ ಲೆಕ್ಕ ಕೆಟ್ಟದ್ದು

ಅಕ್ಟೋಬರ್ 1ರಿಂದ ದಂಡ ದಿನಕ್ಕೆ 1 ರೂಪಾಯಿ, ಒಂದು ಪುಸ್ತಕಕ್ಕೆ ಗರಿಷ್ಠ 30 ರೂಪಾಯಿ ಎಂದು ಸಮಿತಿ ತೀರ್ಮಾನಿಸಿತು. ದರವನ್ನು ಒಂದೇ ಕೋಶದಲ್ಲಿಟ್ಟಿದ್ದರಿಂದ 0.5 ಇದ್ದದ್ದನ್ನು 1 ಮಾಡಿದರೆ ಸಾಕೆಂದು ಬದಲಿಸಿದೆ. ಐದನೇ ತಾರೀಖು ತಿಂಗಳ ಲೆಕ್ಕ ನೋಡುವಾಗ ಸೆಪ್ಟೆಂಬರಿನ ದಂಡ 93 ರೂಪಾಯಿ ಎಂದು ಹಾಳೆ ಹೇಳಿತು. ಡಬ್ಬಿಯಲ್ಲಿದ್ದದ್ದು 46 ರೂಪಾಯಿ 50 ಪೈಸೆ. ಸರಿಯಾಗಿ ಅರ್ಧವಿದ್ದುದರಿಂದ ಕಾರಣ ಬೇಗ ಹೊಳೆಯಿತು: ಎಂದೋ ಮುಗಿದ ಸಾಲುಗಳೂ ಹೊಸ ದರದಲ್ಲಿ ಮತ್ತೆ ಲೆಕ್ಕವಾಗಿದ್ದವು. ವ್ಯತ್ಯಾಸ ಇಷ್ಟು ನೆಟ್ಟಗಿರದಿದ್ದರೆ ಹಣ ಕಾಣೆಯಾಗಿದೆ ಎಂಬ ಅನುಮಾನ ಸರದಿಯಲ್ಲಿ ಕುಳಿತವರ ಮೇಲೆ ಹೋಗುತ್ತಿತ್ತು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

`Rules` ಎಂಬ ಹಾಳೆಯಲ್ಲಿ ದರ ಜಾರಿಗೆ ಬಂದ ದಿನಾಂಕ ಮತ್ತು ದರವನ್ನು ಏರಿಕೆಯ ಕ್ರಮದಲ್ಲಿ ಬರೆದೆ: 01-Aug-2025 ಎದುರಿಗೆ 0.5, 01-Oct-2025 ಎದುರಿಗೆ 1. ವಾಯಿದೆಯ ದಿನ ಯಾವ ದರ ಜಾರಿಯಲ್ಲಿತ್ತೋ ಅದೇ ಆ ಸಾಲಿಗೆ.

```
=IF(H2="";"";MIN(30;H2*VLOOKUP(F2;$Rules.$A$2:$B$10;2;1)))
```

ಕೊನೆಯ 1 ಇಲ್ಲಿ ಮುಖ್ಯ. ಅದು ದಿನಾಂಕ ತಾಳೆಯಾಗದಿದ್ದಾಗ ಅದಕ್ಕೆ ಹಿಂದಿನ ಹತ್ತಿರದ ದಿನಾಂಕದ ದರವನ್ನು ತರುತ್ತದೆ. ಇದರ ಜೊತೆಗೆ J ಕಾಲಂನಲ್ಲಿ ಕೈಗೆ ಬಂದ ಮೊತ್ತವನ್ನು ಸೂತ್ರವಿಲ್ಲದೆ ಅಂಕಿಯಾಗಿಯೇ ಹೊಡೆಯುತ್ತೇವೆ. ಡಬ್ಬಿಯ ಹಣ ತಾಳೆ ನೋಡುವುದು I ಜೊತೆಗಲ್ಲ, J ಜೊತೆಗೆ.

ನವೆಂಬರ್ 9 – 30: ಹೆಚ್ಚು ಓದಿದ ಪುಸ್ತಕಗಳು

ಮೊದಲು E ಕಾಲಂನ ಶೀರ್ಷಿಕೆಗಳನ್ನೇ ಎಣಿಸಿದೆ. ಒಂದೇ ಸಂಕಲನ ಪಟ್ಟಿಯಲ್ಲಿ ಮೂರು ಕಡೆ ಬಂತು. `Books` ಹಾಳೆಯನ್ನು ಮೂವರು ಟೈಪ್ ಮಾಡಿದ್ದರು. ಒಬ್ಬರು "ಕಥೆಗಳು" ಎಂದು, ಇನ್ನೊಬ್ಬರು "ಕತೆಗಳು" ಎಂದು, ಮತ್ತೊಬ್ಬರು "ಕಥೆಗಳು" ಎಂದೇ ಬರೆದು ಕೊನೆಗೆ ಒಂದು ಖಾಲಿ ಜಾಗ ಬಿಟ್ಟು. ಎರಡೂ ಕಾಗುಣಿತಗಳು ಕನ್ನಡದಲ್ಲಿ ಸರಿಯೇ, ಆದರೆ ಎಣಿಸುವ ಯಂತ್ರಕ್ಕೆ ಅವು ಬೇರೆ ಬೇರೆ. ಹೆಸರುಗಳನ್ನು ತಿದ್ದುತ್ತಾ ಕೂರುವ ಬದಲು ಪ್ರತಿಯೊಂದು ಕೃತಿಗೂ `K012` ಎಂಬಂಥ ಒಂದು ಸಂಕೇತ ಕೊಟ್ಟೆ. ಪ್ರತಿಗಳು ನಾಲ್ಕಿದ್ದರೆ ಪರಿಗ್ರಹಣ ಸಂಖ್ಯೆ ನಾಲ್ಕು, ಸಂಕೇತ ಒಂದೇ. 1,140 ಸಾಲುಗಳಿಗೆ ಇದನ್ನು ತುಂಬಲು ಆರು ಸಂಜೆಗಳು ಹಿಡಿದವು. `Issue` ಹಾಳೆಯ K ಕಾಲಂ ಈ ಸಂಕೇತವನ್ನು ತಾನೇ ತರುತ್ತದೆ.

ಎರಡನೆಯ ತೊಡಕು ನವೀಕರಣ. ಅದೇ ಪುಸ್ತಕವನ್ನು ಇನ್ನೆರಡು ವಾರಕ್ಕೆ ಮುಂದುವರಿಸಿದಾಗ ನಾವು ಹೊಸ ಸಾಲು ಬರೆಯುತ್ತಿದ್ದೆವು. ಒಬ್ಬರೇ ಮೂರು ಸಲ ಮುಂದುವರಿಸಿದ ದಪ್ಪ ಗ್ರಂಥ ನಾಲ್ಕು ಓದುಗರನ್ನು ಕಂಡಂತೆ ಪಟ್ಟಿಯಲ್ಲಿ ಮೇಲೇರಿತ್ತು. ಈಗ ಅಂಥ ಸಾಲಿನ L ಕಾಲಂನಲ್ಲಿ `R` ಎಂದು ಹಾಕುತ್ತೇವೆ. ಒಂದು ಸಂಕೇತಕ್ಕೆ ಒಂದು ಸಾಲಿರುವ `Titles` ಹಾಳೆಯ D ಕಾಲಂ, L ಖಾಲಿಯಿರುವ ಸಾಲುಗಳನ್ನು ಮಾತ್ರ ಎಣಿಸುತ್ತದೆ.

```
=COUNTIFS($Issue.$K$2:$K$3000;A2;$Issue.$L$2:$L$3000;"=")
```

ಮೂರನೆಯದು ಸಮ ಅಂಕಗಳದ್ದು. `LARGE` ಮತ್ತು `MATCH` ಬಳಸಿ ಮೊದಲ ಹತ್ತನ್ನು ತೆಗೆದಾಗ ಒಂದೇ ಹೆಸರು ಎರಡು ಸ್ಥಾನಗಳಲ್ಲಿ ಬಂತು, ಅಷ್ಟೇ ಸಲ ಹೋಗಿದ್ದ ಇನ್ನೊಂದು ಪುಸ್ತಕ ಪಟ್ಟಿಯಿಂದಲೇ ಬಿಟ್ಟುಹೋಯಿತು. `MATCH` ಯಾವಾಗಲೂ ಮೊದಲು ಸಿಕ್ಕಿದ್ದನ್ನೇ ಕೊಡುತ್ತದೆ. `Titles` ಹಾಳೆಯ E ಕಾಲಂನಲ್ಲಿ `=D2-ROW()/100000` ಎಂದು ಹಾಕಿ ಪ್ರತಿ ಸಾಲಿಗೂ ಒಂದು ಚೂರು ವ್ಯತ್ಯಾಸ ಕೊಟ್ಟು, ಶ್ರೇಯಾಂಕವನ್ನು ಅದರ ಮೇಲೆ ತೆಗೆದಾಗ ಸರಿಯಾಯಿತು.

ನವೆಂಬರ್ 30ಕ್ಕೆ ಮುಗಿದ ನಾಲ್ಕು ತಿಂಗಳ ಪಟ್ಟಿಯಲ್ಲಿ ಮೊದಲ ಸ್ಥಾನ 19 ಸಲ ಹೋದ ಒಂದು ಮಕ್ಕಳ ಕಥಾಸಂಕಲನಕ್ಕೆ. ಅದರ ಪ್ರತಿಗಳು ನಾಲ್ಕು. ಏಳನೆಯ ಸ್ಥಾನದಲ್ಲಿ 8 ಸಲ ಹೋದ ಒಂದು ಕಾದಂಬರಿಯಿತ್ತು. ಅದಕ್ಕೆ ಪ್ರತಿ ಒಂದೇ. 122 ದಿನಗಳಲ್ಲಿ ಒಂದು ಪ್ರತಿ ಪೂರ್ತಿ ವಾಯಿದೆಗೆ ಹೋಗಿ ಬರುತ್ತಿದ್ದರೆ 8 ಸಲಕ್ಕಿಂತ ಹೆಚ್ಚು ಹೋಗಿ ಬರಲು ಸಾಧ್ಯವೇ ಇಲ್ಲ. ಎಂದರೆ ಆ ಕಾದಂಬರಿ ಕಪಾಟಿನಲ್ಲಿ ಹೆಚ್ಚುಕಡಿಮೆ ಕೂತೇ ಇರಲಿಲ್ಲ. ಇನ್ನೆಷ್ಟು ಮಂದಿ ಕೇಳಿ ಹಿಂದಿರುಗಿದರೋ ಅದು ಯಾವ ಕಾಲಂನಲ್ಲೂ ಇಲ್ಲ. ಎರವಲಿನ ಸಂಖ್ಯೆಯನ್ನು ಪ್ರತಿಗಳ ಸಂಖ್ಯೆಯಿಂದ ಭಾಗಿಸುವ ಒಂದು ಕಾಲಂ ಸೇರಿಸಿದಾಗ ಸಂಕಲನಕ್ಕೆ 4.75, ಕಾದಂಬರಿಗೆ 8 ಬಂತು. ಸಮಿತಿಯ ಮುಂದೆ ಎರಡೂ ಪಟ್ಟಿಗಳನ್ನು ಅಕ್ಕಪಕ್ಕದಲ್ಲಿಟ್ಟೆ. ಮಕ್ಕಳ ಸಂಕಲನದ ಐದನೆಯ ಪ್ರತಿ ಕೊಳ್ಳುವುದನ್ನು ಕೈಬಿಟ್ಟು ಕಾದಂಬರಿಯ ಎರಡು ಪ್ರತಿಗಳನ್ನು ತರಿಸಲು ಅವರು ಒಪ್ಪಿದರು.

ಬಾಕಿ ಉಳಿದಿರುವುದು ಕಾಯ್ದಿರಿಸುವಿಕೆ. ಕೇಳಿ ಬರಿಗೈಯಲ್ಲಿ ಹೋದವರ ಹೆಸರು, ಸಂಕೇತ ಮತ್ತು ದಿನಾಂಕವನ್ನು ಸದ್ಯಕ್ಕೆ ಒಂದು ನೋಟ್‌ಬುಕ್‌ನಲ್ಲಿ ಬರೆಯುತ್ತಿದ್ದೇವೆ. ಕರೆಂಟ್ ಹೋದ ಸಂಜೆಗಳಿಗಾಗಿ ಹಳೆಯ ಲೆಡ್ಜರ್ ಇನ್ನೂ ಮೇಜಿನ ಮೇಲೇ ಇದೆ. ಆ ಸಾಲುಗಳನ್ನು ಮರುದಿನ ಏರಿಸುವಾಗ `Ctrl+;` ಒತ್ತದೆ ಲೆಡ್ಜರಿನಲ್ಲಿರುವ ತಾರೀಖು ನೋಡಿ ಬರೆಯಬೇಕು ಎಂದು ಲೆಡ್ಜರಿನ ರಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದೇನೆ.